ಕ್ರಿಯೇಟಿನ್ ಡಬ್ಬ ತೆರೆಯುವ ಮೊದಲು: ಜಿಮ್‌ಗೆ ಹೊಸದಾಗಿ ಸೇರಿದ ತಮ್ಮನಿಗೆ ಅಕ್ಕನ ಏಳು ವಾಯ್ಸ್ ನೋಟ್‌ಗಳು

ವಾಯ್ಸ್ ನೋಟ್ 1: ಆ ಚೀಲವನ್ನು ಪಕ್ಕಕ್ಕಿಡು

ತಮ್ಮಾ, ನೀನು ರಾತ್ರಿ ಕಳುಹಿಸಿದ ಫೋಟೋ ನೋಡಿದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಳಿ ಪುಡಿ, ಚೀಲದ ಮೇಲೆ ಮಾರ್ಕರ್ ಪೆನ್ನಿನಲ್ಲಿ ದಿನಕ್ಕೆ ನಾಲ್ಕು ಚಮಚ ಎಂದು ಬರಹ. ನಿಮ್ಮ ಜಿಮ್ ಟ್ರೇನರ್ ಒಳ್ಳೆಯವನೇ ಇರಬಹುದು, ಆದರೆ ಹೆಸರಿಲ್ಲದ, ತಯಾರಿಕೆಯ ದಿನಾಂಕವಿಲ್ಲದ ಬಿಡಿ ಪುಡಿಯನ್ನು ನೀನು ಬಾಯಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಕ್ರಿಯೇಟಿನ್ ಬೇಡ ಎನ್ನುತ್ತಿಲ್ಲ. ಆ ಚೀಲ ಬೇಡ ಎನ್ನುತ್ತಿದ್ದೇನೆ.

ಡ್ಯೂಟಿಗೆ ಹೊರಡಲು ಇನ್ನೂ ಸಮಯವಿದೆ, ಅದಕ್ಕೇ ತುಂಡು ತುಂಡಾಗಿ ಹೇಳಿ ಕಳುಹಿಸುತ್ತೇನೆ. ಆರನೆಯದನ್ನು ಮಾತ್ರ ಅಳಿಸಬೇಡ. ಒಂಬತ್ತು ವರ್ಷ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿದವಳಾಗಿ ನಾನು ನಿನಗೆ ಹೇಳಲೇಬೇಕಾದದ್ದು ಅದರಲ್ಲಿದೆ.

ಮೊದಲು ಇದು ಏನು ಮಾಡುತ್ತದೆ ಎಂಬುದನ್ನು ಕೇಳು. ಡಂಬೆಲ್ ಎತ್ತಿದ ಮೊದಲ ಹತ್ತು ಸೆಕೆಂಡು ಸ್ನಾಯು ಉರಿಸುವ ಶಕ್ತಿಗೆ ಎಟಿಪಿ ಎಂದು ಹೆಸರು. ಅದು ಕ್ಷಣದಲ್ಲಿ ತೀರಿಹೋಗುತ್ತದೆ. ತೀರಿದ್ದನ್ನು ಅಲ್ಲಿಯೇ ಮತ್ತೆ ತುಂಬಿಸಿಕೊಡುವುದು ಸ್ನಾಯುವಿನಲ್ಲಿ ಕೂಡಿಟ್ಟ ಕ್ರಿಯೇಟಿನ್ ಫಾಸ್ಫೇಟ್. ಈ ಸಂಗ್ರಹ ಸ್ವಲ್ಪ ಹೆಚ್ಚಿದ್ದರೆ ಎಂಟನೆಯ ಸಲಕ್ಕೆ ಕೈಬಿಡುವ ಭಾರವನ್ನು ಒಂಬತ್ತನೆಯ, ಹತ್ತನೆಯ ಸಲವೂ ಎತ್ತಬಹುದು. ಅದರ ಕೆಲಸ ಇಷ್ಟೇ. ಆ ಹೆಚ್ಚುವರಿ ಎರಡು ಸಲ ತಿಂಗಳುಗಟ್ಟಲೆ ಸೇರಿದಾಗ ಸ್ನಾಯು ಬೆಳೆಯುತ್ತದೆ. ಪುಡಿ ತಾನಾಗಿ ಏನನ್ನೂ ಬೆಳೆಸುವುದಿಲ್ಲ. ಟ್ರೆಡ್‌ಮಿಲ್ಲಿನ ಮೇಲೆ ಅರ್ಧ ಗಂಟೆ ಓಡುವವನಿಗಂತೂ ಇದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ.

ನಮ್ಮ ದೇಹವೇ ದಿನಕ್ಕೆ ಸುಮಾರು ಒಂದು ಗ್ರಾಂ ಕ್ರಿಯೇಟಿನ್ ತಯಾರಿಸಿಕೊಳ್ಳುತ್ತದೆ. ಉಳಿದದ್ದು ಮೀನು, ಮಾಂಸದಿಂದ ಬರಬೇಕು. ಬೇಳೆ, ಸೊಪ್ಪು, ಅನ್ನದಲ್ಲಿ ಅದು ಇಲ್ಲವೆಂದೇ ಹೇಳಬೇಕು. ನೀನು ಹುಟ್ಟಿನಿಂದ ಸಾರು, ಪಲ್ಯ ಉಂಡವನು, ನಿನ್ನ ಸ್ನಾಯುವಿನ ಉಗ್ರಾಣದಲ್ಲಿ ಜಾಗ ಹೆಚ್ಚು ಖಾಲಿಯಿರುತ್ತದೆ. ಹಾಗಾಗಿ ಮಾಂಸ ತಿನ್ನುವ ನಿನ್ನ ರೂಮ್‌ಮೇಟ್‌ಗಿಂತ ನಿನಗೆ ಇದರ ಪರಿಣಾಮ ಹೆಚ್ಚು ಕಾಣುವ ಸಾಧ್ಯತೆಯಿದೆ.

ವಾಯ್ಸ್ ನೋಟ್ 2: ಮೊದಲ ತಿಂಗಳು ಪುಡಿಯೇ ಬೇಡ

ನೀನು ಜಿಮ್‌ಗೆ ಸೇರಿ ಮೂರು ವಾರವಾಯಿತು. ಹೊಸಬರಿಗೆ ಮೊದಲ ಒಂದೆರಡು ತಿಂಗಳು ಏನೂ ತಿನ್ನದಿದ್ದರೂ ಭಾರ ಏರುತ್ತಲೇ ಹೋಗುತ್ತದೆ. ಸ್ನಾಯು ದಪ್ಪವಾಯಿತೆಂದಲ್ಲ, ಇದ್ದ ಸ್ನಾಯುವನ್ನು ದುಡಿಸಿಕೊಳ್ಳುವುದನ್ನು ನರಗಳು ಕಲಿಯುತ್ತವೆ. ಈಗಲೇ ಪುಡಿ ಶುರು ಮಾಡಿದರೆ ಯಾವುದು ಯಾವುದರಿಂದ ಬಂತು ಎಂಬುದು ನಿನಗೇ ತಿಳಿಯುವುದಿಲ್ಲ. ಒಂದು ತಿಂಗಳು ತಡೆದುಕೋ. ಪ್ರತಿ ವ್ಯಾಯಾಮದ ಭಾರ, ಎಷ್ಟು ಸಲ ಎತ್ತಿದೆ ಎಂಬುದನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡು. ನಿಮ್ಮ ಪಿಜಿಯ ನೀರು ಸಾಂಬಾರಿನಲ್ಲಿ ಬೇಳೆ ಎಷ್ಟಿದೆಯೋ ದೇವರೇ ಬಲ್ಲ, ದಿನವೂ ಹಾಲು, ಮೊಸರು, ಕಡಲೆ, ಸೋಯಾ ಎಲ್ಲಿಂದ ಹೊಂದಿಸಬಹುದು ಎಂದು ಅಷ್ಟರೊಳಗೆ ಒಂದು ದಾರಿ ಮಾಡಿಕೋ. ಅದು ಪುಡಿಗಿಂತ ದೊಡ್ಡ ವಿಷಯ.

ಆ ತಿಂಗಳಲ್ಲೇ ಒಂದು ಸಲ ರಕ್ತ, ಮೂತ್ರ ಪರೀಕ್ಷೆ ಮಾಡಿಸು. ಕಿಡ್ನಿಯ ಕೆಲಸ ತಿಳಿಸುವ ಸೀರಮ್ ಕ್ರಿಯೇಟಿನಿನ್, ಸಾಮಾನ್ಯ ಮೂತ್ರ ಪರೀಕ್ಷೆ, ಸಕ್ಕರೆ. ಜೊತೆಗೆ ಬಿ.ಪಿ. ಇವಿಷ್ಟು ಸಾಕು, ಎಂಬತ್ತು ಪರೀಕ್ಷೆಗಳ ದೊಡ್ಡ ಪ್ಯಾಕೇಜು ಬೇಡ. ಮಾದರಿ ಕೊಡುವ ಮೊದಲು ಎರಡು ಮೂರು ದಿನ ಜಿಮ್‌ಗೆ ರಜೆ ಹಾಕು. ಪುಡಿ ಮುಟ್ಟುವ ಮೊದಲಿನ ಈ ವರದಿಯನ್ನು ಮೊಬೈಲಿನಲ್ಲಿ ಜೋಪಾನವಾಗಿಡು, ಮುಂದೆ ಅದು ಚಿನ್ನದ ಬೆಲೆ ಬಾಳುತ್ತದೆ.

ಕಿಡ್ನಿಯ ಕಾಯಿಲೆ ಇರುವವರು, ಒಂದೇ ಕಿಡ್ನಿ ಇರುವವರು, ಹತೋಟಿಗೆ ಬಾರದ ಬಿ.ಪಿ. ಅಥವಾ ಸಕ್ಕರೆ ಇರುವವರು, ನೋವಿನ ಮಾತ್ರೆಯನ್ನು ದಿನನಿತ್ಯ ನುಂಗುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ನಿನಗೆ ಇವು ಯಾವುವೂ ಇಲ್ಲ ಎಂದುಕೊಂಡಿದ್ದೇವೆ, ಆದರೆ ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆಯಲ್ಲ, ಅದಕ್ಕೇ ಪರೀಕ್ಷೆ.

ವಾಯ್ಸ್ ನೋಟ್ 3: ಅಂಗಡಿಯಲ್ಲಿ

ಕೊಳ್ಳುವಾಗ ಡಬ್ಬದ ಮುಂಭಾಗದ ಸಿಂಹ, ಮಿಂಚು, ತೋಳಿನ ಚಿತ್ರ ನೋಡಬೇಡ. ತಿರುಗಿಸಿ ಹಿಂಭಾಗ ಓದು. ಪದಾರ್ಥಗಳ ಪಟ್ಟಿಯಲ್ಲಿ ಒಂದೇ ಒಂದು ಹೆಸರಿರಬೇಕು, ಕ್ರಿಯೇಟಿನ್ ಮಾನೋಹೈಡ್ರೇಟ್. ಮೈಕ್ರೊನೈಸ್ಡ್ ಎಂದಿದ್ದರೆ ಪುಡಿ ನುಣುಪಾಗಿದೆ ಎಂದರ್ಥ, ನೀರಿನಲ್ಲಿ ಬೇಗ ಬೆರೆಯುತ್ತದೆ. ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿಗಳು, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ, ಒಡೆಯದ ಸೀಲು, ಇಷ್ಟನ್ನೂ ನೋಡಿಕೋ. ಬಿಲ್ ಕೇಳಿ ಪಡೆ.

ಹೈಡ್ರೋಕ್ಲೋರೈಡ್, ಎಥೈಲ್ ಎಸ್ಟರ್ ಎಂದು ದುಬಾರಿ ಬಗೆಗಳನ್ನು ತೋರಿಸುತ್ತಾರೆ. ಮಾನೋಹೈಡ್ರೇಟ್‌ಗಿಂತ ಮೇಲು ಎಂದು ಯಾವುದೂ ಸಾಬೀತಾಗಿಲ್ಲ. ಎಥೈಲ್ ಎಸ್ಟರ್ ಅಂತೂ ಇನ್ನೂ ಕಡೆ, ಸ್ನಾಯು ಸೇರುವ ಮೊದಲೇ ಸುಲಭವಾಗಿ ಮುರಿದುಹೋಗುತ್ತದೆ. ಪ್ರಿ-ವರ್ಕೌಟ್ ಎಂಬ ಬಣ್ಣದ ಪುಡಿಗಳಲ್ಲಿ ಕೆಫೀನ್ ಜೊತೆಗೆ ಕ್ರಿಯೇಟಿನ್ನೂ ಇರುತ್ತದೆ, ಎಷ್ಟಿದೆ ಎಂದು ಹಲವು ಡಬ್ಬಗಳ ಮೇಲೆ ಬರೆದಿರುವುದಿಲ್ಲ. ಅಳತೆ ಗೊತ್ತಿಲ್ಲದ್ದನ್ನು ಅಳೆದು ತಿನ್ನುವುದಾದರೂ ಹೇಗೆ?

ಅಮ್ಮ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾಳೆ, ಇದು ಮಾಂಸದಿಂದ ಮಾಡಿದ್ದೇ ಎಂದು. ಪ್ರಶ್ನೆ ತಪ್ಪಲ್ಲ. 1832ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಷೆವ್ರಲ್ ಇದನ್ನು ಮೊದಲು ಬೇರ್ಪಡಿಸಿದ್ದು ಮಾಂಸದಿಂದಲೇ, ಹೆಸರು ಬಂದದ್ದೂ ಮಾಂಸ ಎಂಬ ಅರ್ಥದ ಗ್ರೀಕ್ ಪದದಿಂದ. ಆದರೆ ಇವತ್ತು ಡಬ್ಬದಲ್ಲಿ ಬರುವುದು ಕಾರ್ಖಾನೆಯಲ್ಲಿ ರಾಸಾಯನಿಕಗಳಿಂದ ತಯಾರಾದದ್ದು. ಹಸಿರು ಚುಕ್ಕೆಯನ್ನು ಅಮ್ಮನಿಗೆ ತೋರಿಸು. ಕ್ಯಾಪ್ಸೂಲ್ ತೆಗೆದುಕೊಂಡರೆ ಮಾತ್ರ ಹುಷಾರು, ಅದರ ಹೊದಿಕೆ ಜೆಲಾಟಿನ್ ಆಗಿರಬಹುದು.

ವಾಯ್ಸ್ ನೋಟ್ 4: ಅಳತೆ ಮತ್ತು ಲೋಟ

ದಿನಕ್ಕೆ 3 ಗ್ರಾಂ. ನಿನ್ನ 64 ಕಿಲೋ ತೂಕಕ್ಕೆ ಅಷ್ಟು ಸಾಕು, 5 ಗ್ರಾಂ ದಾಟುವ ಅಗತ್ಯವೇ ಇಲ್ಲ. ಚಮಚವನ್ನು ನಂಬಬೇಡ. ನಿನ್ನೆ ನಾನು ಪಕ್ಕದ ಮನೆಯ ಹುಡುಗನ ಡಬ್ಬ ತಂದು, ನಮ್ಮ ಟೀ ಚಮಚದಲ್ಲಿ ಅಳೆದು ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿಟ್ಟು ನೋಡಿದೆ. ಚಾಕುವಿನ ಬೆನ್ನಿನಿಂದ ತಲೆ ಸವರಿದಾಗ ಮೂರೂವರೆ ಗ್ರಾಂ ಆಯಿತು. ಅದೇ ಚಮಚವನ್ನು ಗೋಪುರ ಮಾಡಿ ತುಂಬಿದಾಗ ಆರರ ಹತ್ತಿರ ಹೋಯಿತು. ಡಬ್ಬದೊಳಗೆ ಬರುವ ಸ್ಕೂಪ್ ಕೂಡ ಒಂದು ಕಂಪನಿಯದು 3 ಗ್ರಾಂ, ಇನ್ನೊಂದರದು 5 ಗ್ರಾಂ. ಲೇಬಲ್ ಓದಿ, ಒಮ್ಮೆ ತೂಕ ಮಾಡಿ ನೋಡಿ, ಆಮೇಲೆ ಅದೇ ಸ್ಕೂಪನ್ನೇ ದಿನವೂ ಸವರಿ ಬಳಸು.

ಫ್ರಿಜ್ಜಿನ ತಣ್ಣೀರಿಗೆ ಹಾಕಿದರೆ ಪುಡಿ ಕರಗದೆ ಮರಳಿನಂತೆ ತಳ ಸೇರುತ್ತದೆ. ಅದನ್ನು ನೋಡಿ ನಕಲಿ ಮಾಲು ಎಂದು ಗಾಬರಿಯಾಗಬೇಡ. ತಣ್ಣೀರಿನಲ್ಲಿ ಕ್ರಿಯೇಟಿನ್ ಕರಗುವುದೇ ಕಡಿಮೆ. ಒಂದು ದೊಡ್ಡ ಲೋಟ ಉಗುರುಬೆಚ್ಚನೆಯ ನೀರಿಗೆ ಹಾಕಿ ಒಂದು ನಿಮಿಷ ಕಲಕು, ನೀರು ತಿಳಿಯಾಗುತ್ತದೆ. ತಳದಲ್ಲಿ ಉಳಿದರೆ ಇನ್ನೊಂದು ಗುಟುಕು ನೀರು ಹಾಕಿ ಅಲುಗಾಡಿಸಿ ಕುಡಿದುಬಿಡು, ನಿನ್ನ ಅಳತೆಯ ಅರ್ಧ ಅಲ್ಲೇ ಇರುತ್ತದೆ. ಅಸಲಿ ಪುಡಿಗೆ ರುಚಿ ಇಲ್ಲವೆಂದೇ ಹೇಳಬಹುದು. ಸಿಹಿಯಾಗಿದ್ದರೆ, ನೊರೆ ಬಂದರೆ ಅದರಲ್ಲಿ ಬೇರೆ ಏನೋ ಬೆರೆತಿದೆ.

ಬೆರೆಸಿದ್ದನ್ನು ಕೂಡಲೇ ಕುಡಿ. ನೀರಿನಲ್ಲಿ ದಿನಗಟ್ಟಲೆ ಬಿಟ್ಟರೆ ಅದು ನಿಧಾನವಾಗಿ ಕೆಲಸಕ್ಕೆ ಬಾರದ ಕ್ರಿಯೇಟಿನಿನ್ ಆಗುತ್ತದೆ, ನಿಂಬೆರಸದಲ್ಲಿ ಇನ್ನೂ ಬೇಗ. ವಾರಕ್ಕಾಗುವಷ್ಟು ಕಲಸಿಡುವ ನಿನ್ನ ಜಾಣತನ ಇಲ್ಲಿ ಬೇಡ.

ಯಾವ ಹೊತ್ತಿಗೆ ಎಂದು ತಲೆ ಕೆಡಿಸಿಕೊಳ್ಳಬೇಡ. ಜಿಮ್‌ಗೆ ಮೊದಲೋ ಆಮೇಲೋ ಎಂಬ ಜಗಳಕ್ಕೆ ಅರ್ಥವಿಲ್ಲ, ಏಕೆಂದರೆ ಇವತ್ತು ಕುಡಿದದ್ದು ಇವತ್ತಿಗಲ್ಲ, ಸಂಗ್ರಹಕ್ಕೆ. ಬೆಳಗಿನ ಇಡ್ಲಿಯ ಮೇಲೆ ಕುಡಿ. ಊಟ, ತಿಂಡಿಯ ಜೊತೆ ಹೋದರೆ ಹೊಟ್ಟೆಗೂ ಹಿತ. ಜಿಮ್ ಇಲ್ಲದ ಭಾನುವಾರವೂ ಬಿಡಬೇಡ.

ವಾಯ್ಸ್ ನೋಟ್ 5: ಟ್ರೇನರ್‌ನ ನಾಲ್ಕು ಚಮಚದ ಲೆಕ್ಕ

ದಿನಕ್ಕೆ ನಾಲ್ಕು ಚಮಚ ಎಂದು ಅವನು ಬರೆದದ್ದು ಬುಡವಿಲ್ಲದ ಮಾತಲ್ಲ. ಅದಕ್ಕೆ ಲೋಡಿಂಗ್ ಎನ್ನುತ್ತಾರೆ. ದಿನಕ್ಕೆ ಸುಮಾರು 20 ಗ್ರಾಂ ಪುಡಿಯನ್ನು ನಾಲ್ಕು ಭಾಗ ಮಾಡಿ ಐದಾರು ದಿನ ತೆಗೆದುಕೊಂಡರೆ ಉಗ್ರಾಣ ವಾರದೊಳಗೆ ತುಂಬುತ್ತದೆ. ಆದರೆ 1996ರಲ್ಲಿ ಸ್ವೀಡನ್ನಿನ ಹಲ್ಟ್‌ಮನ್ ಮತ್ತು ಸಂಗಡಿಗರು ಎರಡೂ ದಾರಿಯನ್ನು ಹೋಲಿಸಿ ನೋಡಿದರು. ಒಂದು ಗುಂಪಿಗೆ ಆರು ದಿನ 20 ಗ್ರಾಂ, ಇನ್ನೊಂದಕ್ಕೆ 28 ದಿನ 3 ಗ್ರಾಂ. ಕೊನೆಗೆ ಸ್ನಾಯುವಿನ ಸಂಗ್ರಹ ಎರಡರಲ್ಲೂ ಸರಿಸುಮಾರು ಒಂದೇ ಮಟ್ಟಕ್ಕೆ, ಶೇಕಡಾ 20ರಷ್ಟು ಏರಿತ್ತು.

ಈಗ ದುಡ್ಡಿನ ಲೆಕ್ಕ ಹಾಕು. 250 ಗ್ರಾಂ ಡಬ್ಬ ದಿನಕ್ಕೆ 3 ಗ್ರಾಂನಂತೆ 83 ದಿನ ಬರುತ್ತದೆ. ಮೊದಲ ಆರು ದಿನ 20 ಗ್ರಾಂ ಸುರಿದರೆ 120 ಗ್ರಾಂ, ಡಬ್ಬದ ಹತ್ತಿರ ಹತ್ತಿರ ಅರ್ಧ, ಅಲ್ಲಿಗೇ ಮುಗಿಯಿತು. ಪುಡಿ ಮಾರುವವನಿಗೆ ಯಾವ ದಾರಿ ಇಷ್ಟ ಎಂದು ನಾನು ಹೇಳಬೇಕಾಗಿಲ್ಲ. ಸಾಲದ್ದಕ್ಕೆ ಒಂದೇ ಸಲ 10 ಗ್ರಾಂ ಕುಡಿದ ಹುಡುಗರು ಹೊಟ್ಟೆ ಕೆಟ್ಟು ಶೌಚಾಲಯಕ್ಕೆ ಓಡುವುದೂ ಉಂಟು. ಮುಂದಿನ ವಾರ ಸ್ಪರ್ಧೆ ಇರುವ ಕ್ರೀಡಾಪಟುವಿಗೆ ಲೋಡಿಂಗ್ ಸರಿ. ನಿನಗೆ ಯಾವ ಅವಸರ?

ಮೊದಲ ದಿನವೇ ತೂಕ, ಹೊಟ್ಟೆಯ ಸುತ್ತಳತೆ ಬರೆದಿಡು. ಆಮೇಲೆ ಪ್ರತಿ ಭಾನುವಾರ ಬೆಳಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು ತೂಗು. ಮೂರು ನಾಲ್ಕು ವಾರದಲ್ಲಿ ಒಂದು ಕಿಲೋ ಆಸುಪಾಸು ಏರಿದರೆ ಅದು ಬಹುಮಟ್ಟಿಗೆ ನೀರು. ಕ್ರಿಯೇಟಿನ್ ಸ್ನಾಯುವಿನ ಕೋಶದೊಳಗೆ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಹೊಟ್ಟೆಯ ಅಳತೆ ಹಾಗೇ ಇದ್ದರೆ ಬೊಜ್ಜಲ್ಲ. ತೂಕ ಏರದಿದ್ದರೂ ಚಿಂತೆಯಿಲ್ಲ, ಕೆಲವರಲ್ಲಿ ಸಂಗ್ರಹ ಮೊದಲೇ ತುಂಬಿರುತ್ತದೆ, ಅವರಿಗೆ ಇದರಿಂದ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಆದರೆ ಪಾದ ಊದಿ, ಬೆರಳಿನಿಂದ ಒತ್ತಿದಾಗ ಗುಳಿ ಬಿದ್ದರೆ ಅದು ಈ ನೀರಲ್ಲ. ಪುಡಿ ನಿಲ್ಲಿಸಿ ವೈದ್ಯರ ಬಳಿ ಹೋಗು.

ನಾಲ್ಕು ವಾರ ಕಳೆದ ಮೇಲೆ ನಿನ್ನ ಪುಸ್ತಕ ತೆರೆ. ಅದೇ ಭಾರ, ಅದೇ ವಿಶ್ರಾಂತಿ, ಮೂರನೆಯ ಸೆಟ್ಟಿನಲ್ಲಿ ಎಷ್ಟು ಸಲ ಎಂದು ನೋಡು. ವ್ಯತ್ಯಾಸ ಮೊದಲು ಕಾಣುವುದು ಆ ಕೊನೆಯ ಸೆಟ್ಟಿನಲ್ಲೇ, ಕನ್ನಡಿಯಲ್ಲಲ್ಲ.

ವಾಯ್ಸ್ ನೋಟ್ 6: ವರದಿಯಲ್ಲಿನ ಕೆಂಪು ಅಂಕಿ

ಇದನ್ನು ಇಟ್ಟುಕೋ. ಕ್ರಿಯೇಟಿನ್, ಕ್ರಿಯೇಟಿನಿನ್. ನಡುವೆ ಒಂದು 'ನಿ' ಅಷ್ಟೇ, ಆದರೆ ಮನೆಮಂದಿಯ ನಿದ್ದೆ ಕೆಡಿಸಲು ಅದು ಸಾಕು.

ಸೌದೆ ಒಲೆ ನೆನಪಿಸಿಕೋ, ಅಜ್ಜಿಯ ಮನೆಯದು. ಕ್ರಿಯೇಟಿನ್ ಸೌದೆಯಾದರೆ ಕ್ರಿಯೇಟಿನಿನ್ ಬೂದಿ. ಸ್ನಾಯುವಿನಲ್ಲಿರುವ ಕ್ರಿಯೇಟಿನ್ ಪ್ರತಿದಿನ ಒಂದಿಷ್ಟು, ನೂರಕ್ಕೆ ಒಂದೆರಡು ಪಾಲು, ತಾನಾಗಿ ಕ್ರಿಯೇಟಿನಿನ್ ಆಗುತ್ತದೆ. ಆ ಬೂದಿಯನ್ನು ಎತ್ತಿ ಹೊರಹಾಕುವುದು ಕಿಡ್ನಿ. ರಕ್ತದಲ್ಲಿ ಬೂದಿ ಎಷ್ಟಿದೆ ಎಂದು ಅಳೆದು, ಕಿಡ್ನಿ ಹೇಗೆ ಗುಡಿಸುತ್ತಿದೆ ಎಂದು ನಾವು ಊಹಿಸುತ್ತೇವೆ. ಬೂದಿ ಹೆಚ್ಚಿದ್ದರೆ ಗುಡಿಸುವವನು ಸೋಮಾರಿ ಎಂದು ತೀರ್ಮಾನ. ಆದರೆ ಸೌದೆಯೇ ಹೆಚ್ಚು ಹಾಕಿದ್ದರೆ? ಗುಡಿಸುವವನು ಎಂದಿನಂತೆ ಕೆಲಸ ಮಾಡುತ್ತಿದ್ದರೂ ಬೂದಿ ಹೆಚ್ಚೇ ಕಾಣುತ್ತದೆ. ಪುಡಿ ತೆಗೆದುಕೊಳ್ಳುವವನಲ್ಲಿ ಆಗುವುದು ಇದೇ.

ನಮ್ಮ ಲ್ಯಾಬಿಗೆ ಬಂದಿದ್ದ ಒಬ್ಬ ಹುಡುಗನ ಕತೆ ಹೇಳುತ್ತೇನೆ. ವಯಸ್ಸು 24, ನಿನ್ನಂತೆಯೇ ಕಟ್ಟುಮಸ್ತು ಆಗುವ ಹಂಬಲ. ಕೆಲಸಕ್ಕೆ ಸೇರುವಾಗಿನ ವರದಿಯಲ್ಲಿ ಕ್ರಿಯೇಟಿನಿನ್ 1.0 ಇತ್ತು. ಕಿಡ್ನಿ ಸೋಸುವ ವೇಗದ ಅಂದಾಜು, ಅಂದರೆ ಇಜಿಎಫ್ಆರ್, 108. ಒಂದು ವರ್ಷದ ಮೇಲೆ ಕಚೇರಿಯ ತಪಾಸಣೆಯಲ್ಲಿ 1.3 ಬಂತು. ಆ ಪ್ರಯೋಗಾಲಯದ ಮಿತಿ 1.2, ಹಾಗಾಗಿ ಅಂಕಿ ಕೆಂಪಾಯಿತು. ಇಜಿಎಫ್ಆರ್ ಎಂಬುದು ಯಂತ್ರ ಅಳೆಯುವುದಲ್ಲ, ಕ್ರಿಯೇಟಿನಿನ್, ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ಸೂತ್ರಕ್ಕೆ ಹಾಕಿ ಬರುವ ಲೆಕ್ಕ. ಸೂತ್ರಕ್ಕೆ ಪುಡಿಯ ಸಂಗತಿ ಏನು ಗೊತ್ತು? 79 ಎಂದು ಬರೆಯಿತು. ಹುಡುಗನ ತಾಯಿ ನನ್ನ ಕೌಂಟರಿನ ಮುಂದೆ ಅತ್ತುಬಿಟ್ಟರು, ವರ್ಷದಲ್ಲಿ ಕಾಲುಭಾಗಕ್ಕೂ ಹೆಚ್ಚು ಕಿಡ್ನಿ ಹೋಯಿತೆಂದು.

ಕೇಳಿದಾಗ ಹೊರಬಂದದ್ದು ಇಷ್ಟು: ಐದು ತಿಂಗಳಿಂದ ದಿನಕ್ಕೆ 5 ಗ್ರಾಂ ಪುಡಿ, ಹಿಂದಿನ ಸಂಜೆ ಮೈಮುರಿಯುವಂತೆ ಸ್ಕ್ವಾಟ್, ರಾತ್ರಿ ಮಟನ್ ಊಟ, ಬೆಳಗ್ಗೆ ರಕ್ತ ಕೊಟ್ಟದ್ದು. ಮೂರೂ ಬೂದಿ ಹೆಚ್ಚಿಸುವ ಸಂಗತಿಗಳೇ. ವೈದ್ಯರು ಅವಸರ ಮಾಡಲಿಲ್ಲ. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂದು ನೋಡಿಸಿದರು, ಇರಲಿಲ್ಲ. ಬಿ.ಪಿ. ಸರಿಯಿತ್ತು. ಸಿಸ್ಟಾಟಿನ್ ಸಿ ಎಂಬ ಇನ್ನೊಂದು ಪರೀಕ್ಷೆ ಬರೆದುಕೊಟ್ಟರು. ಅದೂ ಕಿಡ್ನಿಯನ್ನೇ ಅಳೆಯುತ್ತದೆ, ಆದರೆ ಸೌದೆ ಎಷ್ಟು ಹಾಕಿದೆ ಎಂಬುದು ಅದಕ್ಕೆ ಸಂಬಂಧವಿಲ್ಲ. ಅದು ಸಹಜ ಮಿತಿಯೊಳಗಿತ್ತು. ಪುಡಿ ನಿಲ್ಲಿಸಿ ಆರು ವಾರದ ಮೇಲೆ, ಮೂರು ದಿನ ವ್ಯಾಯಾಮವಿಲ್ಲದೆ ಮತ್ತೆ ಪರೀಕ್ಷಿಸಿದಾಗ ಕ್ರಿಯೇಟಿನಿನ್ 1.0ಕ್ಕೆ ಮರಳಿತ್ತು.

ಆ ಹಳೆಯ ವರದಿ ಇಲ್ಲದಿದ್ದರೆ, 1.3 ಅವನಿಗೆ ಮೊದಲಿನಿಂದಲೂ ಇತ್ತೋ ಈಗ ಬಂದದ್ದೋ ಎಂದು ಹೇಳಲಾಗುತ್ತಿರಲಿಲ್ಲ. ಎರಡನೆಯ ನೋಟಿನಲ್ಲಿ ಪರೀಕ್ಷೆ ಮಾಡಿಸು ಎಂದದ್ದು ಇದಕ್ಕೇ.

ಹಾಗೆಂದು ಎಲ್ಲ ಕೆಂಪು ಅಂಕಿಯನ್ನೂ ಪುಡಿಯ ತಲೆಗೆ ಕಟ್ಟಿ ಸುಮ್ಮನಿರಬೇಡ. ಪುಡಿಯಿಂದ ಏರುವುದು ಸಾಮಾನ್ಯವಾಗಿ ಇಷ್ಟು ಸಣ್ಣ ಪ್ರಮಾಣದಲ್ಲೇ. ಕ್ರಿಯೇಟಿನಿನ್ ಎರಡರತ್ತ ಹೋದರೆ, ಮೂತ್ರದಲ್ಲಿ ಪ್ರೋಟೀನ್ ಕಂಡರೆ, ಪುಡಿ ಬಿಟ್ಟ ಮೇಲೂ ಅಂಕಿ ಇಳಿಯದಿದ್ದರೆ ಅದು ಬೇರೆ ವಿಷಯ, ಕಿಡ್ನಿ ವೈದ್ಯರನ್ನೇ ಕಾಣಬೇಕು. ಯಾವ ಪರೀಕ್ಷೆಗೆ ಹೋದರೂ ರಕ್ತ ತೆಗೆಯುವವರಿಗೂ ವೈದ್ಯರಿಗೂ ಪುಡಿಯ ಹೆಸರು, ಅಳತೆ, ಎಷ್ಟು ತಿಂಗಳಿಂದ ಎಂಬುದನ್ನು ಬಾಯಿಬಿಟ್ಟು ಹೇಳು. ಮುಚ್ಚಿಡುವ ಹುಡುಗರಿಂದಲೇ ನಮಗೆ ತಲೆನೋವು. ಜೋರು ವ್ಯಾಯಾಮದ ಮರುದಿನ ಎಸ್‌ಜಿಒಟಿ, ಎಸ್‌ಜಿಪಿಟಿ ಕೂಡ ಏರಿರುತ್ತವೆ, ಅವು ಸ್ನಾಯುವಿನಿಂದಲೂ ಬರುತ್ತವೆ, ಲಿವರ್ ಕೆಟ್ಟಿತೆಂದು ಆಗ ಇನ್ನೊಂದು ರಂಪ.

ಇನ್ನೊಂದು ಮಾತು, ಇದು ಪುಡಿಗೆ ಸಂಬಂಧಿಸಿದ್ದಲ್ಲ, ಹೊಸಬನಾದ ನಿನಗೆ ಸಂಬಂಧಿಸಿದ್ದು. ಮೊದಮೊದಲ ದಿನಗಳಲ್ಲೇ ಹುಮ್ಮಸ್ಸಿನಿಂದ ನೂರಾರು ಸ್ಕ್ವಾಟ್ ಹೊಡೆದು, ಒಂದೆರಡು ದಿನದಲ್ಲಿ ತೊಡೆ ಕಲ್ಲಿನಂತಾಗಿ, ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿದರೆ ನನಗೆ ಫೋನ್ ಮಾಡುತ್ತಾ ಕೂರಬೇಡ, ನೇರ ಆಸ್ಪತ್ರೆಗೆ ಹೋಗು. ಸ್ನಾಯು ಒಡೆದು ಅದರ ವಸ್ತು ರಕ್ತಕ್ಕೆ ಸೇರಿದಾಗ ಹಾಗಾಗುತ್ತದೆ. ಆಗ ಕಿಡ್ನಿಗೆ ನಿಜವಾದ ಅಪಾಯವಿದೆ.

ವಾಯ್ಸ್ ನೋಟ್ 7: ಉಳಿದ ಚಿಲ್ಲರೆ

ಕೂದಲು ಉದುರುತ್ತದೆಯೇ ಎಂದು ಕೇಳಿದ್ದೆ. ಆ ಗುಲ್ಲು ಎದ್ದದ್ದು 2009ರ ಒಂದು ಅಧ್ಯಯನದಿಂದ. ದಕ್ಷಿಣ ಆಫ್ರಿಕಾದ ಕೆಲವೇ ರಗ್ಬಿ ಆಟಗಾರರಲ್ಲಿ, ಕೂದಲು ಉದುರುವುದರ ಜೊತೆ ನಂಟಿರುವ ಡಿಎಚ್‌ಟಿ ಎಂಬ ಹಾರ್ಮೋನ್ ಏರಿತ್ತು. ಕೂದಲನ್ನು ಅಲ್ಲಿ ಯಾರೂ ಎಣಿಸಿರಲಿಲ್ಲ. ನಿನ್ನ ಹಣೆ ಅಗಲವಾದರೆ ಅದು ಅಪ್ಪನ ಬಳುವಳಿ, ಪುಡಿಯನ್ನು ಬೈಯಬೇಡ.

ಊರಿಗೆ ಬಂದಾಗ ನಾಲ್ಕು ದಿನ ಮರೆತರೆ ಏನೂ ಆಗುವುದಿಲ್ಲ, ಐದನೆಯ ದಿನ 15 ಗ್ರಾಂ ಸುರಿದು ಸಾಲ ತೀರಿಸಬೇಡ. ಪೂರ್ತಿ ಬಿಟ್ಟರೆ ಸಂಗ್ರಹ ನಾಲ್ಕರಿಂದ ಆರು ವಾರದಲ್ಲಿ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ, ನೀರಿನ ತೂಕವೂ ಇಳಿಯುತ್ತದೆ. ಎರಡು ತಿಂಗಳಿಗೊಮ್ಮೆ ಬಿಡುವು ಕೊಡಬೇಕೆಂಬ ನಿಯಮವೇನಿಲ್ಲ.

ಮತ್ತೆ, ಡಬ್ಬವನ್ನು ಮನೆಗೆ ತಂದರೆ ಅದರ ಮೇಲೆ ದಪ್ಪಕ್ಷರದಲ್ಲಿ ನಿನ್ನ ಹೆಸರು ಬರೆದು ನಿನ್ನ ಕಪಾಟಿನಲ್ಲಿಡು. ಬೇರೆ ಡಬ್ಬಿಗೆ ಸುರಿದು ಅಡುಗೆಮನೆಯಲ್ಲಿಟ್ಟರೆ ಅಮ್ಮ ಅದನ್ನು ಅಕ್ಕಿಹಿಟ್ಟು ಎಂದುಕೊಂಡು ರೊಟ್ಟಿ ತಟ್ಟಿಯಾಳು. ಬಸ್ಸಿಗೆ ಹೊತ್ತಾಯಿತು, ಇಡುತ್ತೇನೆ. ಕೊಳ್ಳುವ ಮೊದಲು ಡಬ್ಬದ ಹಿಂಭಾಗದ ಫೋಟೋ ಕಳುಹಿಸು.